ಮನೆ ಊಟದ ಡಬ್ಬಿ ಸೇವೆ: ದಾರಿ, ಡಬ್ಬಿ, ತಿಂಗಳ ಲೆಕ್ಕ ಮತ್ತು ತಪ್ಪಿಹೋದ ಊಟ

ಡಬ್ಬಿ ಊಟದ ವ್ಯವಹಾರ ಕೆಡುವುದು ಅಡುಗೆಯಿಂದ ಕಡಿಮೆ. ಸಾರು ಚೆನ್ನಾಗಿದ್ದರೂ ಒಂದೂಮುಕ್ಕಾಲಿಗೆ ಬಂದರೆ ಯಾರಿಗೆ ಬೇಕು? ತಿಂಗಳ ಕೊನೆಯಲ್ಲಿ "ನಾನು ನಾಲ್ಕು ದಿನ ಊರಲ್ಲಿರಲಿಲ್ಲ, ಆ ದುಡ್ಡು ಕಳೀರಿ" ಅಂದರೆ ಲೆಕ್ಕ ಎಲ್ಲಿದೆ? ಅದಕ್ಕೇ ಇಲ್ಲಿ ಅಡುಗೆಯ ಮಾತು ಇಲ್ಲ. ಒಲೆಯಿಂದ ಇಳಿದ ಮೇಲಿನ ಕೆಲಸ ಮಾತ್ರ ಇದೆ.

ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಹನುಮಂತನಗರದಲ್ಲಿ ಒಂದು ಮನೆ ಅಡುಗೆಮನೆ. ಸೋಮವಾರದಿಂದ ಶನಿವಾರ, ಮಧ್ಯಾಹ್ನದ ಊಟ ಮಾತ್ರ. 36 ಗ್ರಾಹಕರು, ಒಂದು ಊಟಕ್ಕೆ 100 ರೂಪಾಯಿ. ಅರ್ಧ ಜನ ಬಸವನಗುಡಿ, ಗಾಂಧಿ ಬಜಾರ್ ಕಡೆ ಅಂಗಡಿ, ಆಫೀಸುಗಳಲ್ಲಿದ್ದಾರೆ. ಉಳಿದವರು ಬನಶಂಕರಿ ಎರಡನೇ ಹಂತ, ಪದ್ಮನಾಭನಗರದ ಮನೆಗಳಲ್ಲಿದ್ದಾರೆ, ಅದರಲ್ಲಿ ವಯಸ್ಸಾದವರೇ ಜಾಸ್ತಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ಕೊಡುವ ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಅದು ಕೈಗೆ ಬರುವ ಮುಂಚೆ ಮೊದಲ ಡಬ್ಬಿ ಕಳಿಸಬೇಡಿ.

1. ಮೊದಲು ಕೊನೆಯ ಬಾಗಿಲಿನ ಸಮಯ ಗೊತ್ತುಮಾಡಿಕೊಳ್ಳಿ

ದಾರಿ ಹಾಕುವಾಗ ಎಲ್ಲರೂ ಕಿಲೋಮೀಟರ್ ನೋಡುತ್ತಾರೆ. ಊರೊಳಗಿನ ಡಬ್ಬಿ ಸಾಗಣೆಯಲ್ಲಿ ಸಮಯ ತಿನ್ನುವುದು ರಸ್ತೆಗಿಂತ ಬಾಗಿಲು. ಸ್ಕೂಟರ್ ನಿಲ್ಲಿಸಬೇಕು, ಗೇಟು ತೆಗೆಸಬೇಕು, ಮೆಟ್ಟಿಲು ಹತ್ತಬೇಕು ಅಥವಾ ಲಿಫ್ಟಿಗೆ ಕಾಯಬೇಕು, ತುಂಬಿದ ಡಬ್ಬಿ ಕೊಟ್ಟು ನಿನ್ನೆಯ ಖಾಲಿ ಡಬ್ಬಿ ಇಸ್ಕೊಳ್ಳಬೇಕು. ಇಷ್ಟಕ್ಕೆ ಸರಾಸರಿ ಮೂರು ನಿಮಿಷ ಇಡಿ. ಅಕ್ಕಪಕ್ಕದ ಬಡಾವಣೆಯಲ್ಲಿ ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಎರಡು ನಿಮಿಷ. ಅಲ್ಲಿಗೆ ಒಂದು ನಿಲುಗಡೆಗೆ ಐದು ನಿಮಿಷ.

ನಮ್ಮ 36 ಡಬ್ಬಿಗೆ 36 ನಿಲುಗಡೆ ಬೇಕಾಗಿಲ್ಲ. ಒಂದೇ ಆಫೀಸಿನಲ್ಲಿ ನಾಲ್ಕು ಜನ ಇರುತ್ತಾರೆ, ಒಂದೇ ಮನೆಯಲ್ಲಿ ಇಬ್ಬರಿರುತ್ತಾರೆ. 24 ನಿಲುಗಡೆ ಅಂದುಕೊಳ್ಳಿ. ಒಬ್ಬನೇ ಹೋದರೆ 120 ನಿಮಿಷ ಬೇಕು. ಹನ್ನೆರಡಕ್ಕೆ ಹೊರಟವನು ಕೊನೆಯ ಮನೆಗೆ ಎರಡು ದಾಟಿದ ಮೇಲೆ ಹೋಗುತ್ತಾನೆ. ಇದು ಆಗದ ಮಾತು. ಹಾಗಾಗಿ ಎರಡು ದಾರಿ, ಒಂದೊಂದರಲ್ಲಿ 12 ನಿಲುಗಡೆ, 18 ಡಬ್ಬಿ. ಮನೆಯಿಂದ ಮೊದಲ ನಿಲುಗಡೆಗೆ ಹತ್ತು ನಿಮಿಷ ಸೇರಿಸಿದರೆ 70 ನಿಮಿಷ. ಹನ್ನೆರಡಕ್ಕೆ ಬಿಟ್ಟರೆ ಒಂದೂ ಹತ್ತಕ್ಕೆ ಕೊನೆಯ ಡಬ್ಬಿ ಮುಟ್ಟುತ್ತದೆ. ಹದಿಮೂರನೇ ನಿಲುಗಡೆ ಸೇರಿಸಬೇಕಾದಾಗ ಹೊಸ ಗ್ರಾಹಕರ ನೂರು ರೂಪಾಯಿ ನೋಡಬೇಡಿ. ಆ ದಾರಿಯ ಕೊನೆಯ ಮನೆಯವರು ಐದು ನಿಮಿಷ ಜಾಸ್ತಿ ಕಾಯಬಲ್ಲರಾ ಅಂತ ನೋಡಿ.

ಗೂಗಲ್ ಮ್ಯಾಪ್ಸ್‌ನಲ್ಲಿ ಎಲ್ಲ ವಿಳಾಸ ಗುರುತು ಹಾಕಿ ಇಟ್ಟುಕೊಳ್ಳಿ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಅದು ಜೋಡಿಸಿಕೊಡುವುದಿಲ್ಲ. ನೀವು ಕೊಟ್ಟ ಸಾಲಿನಲ್ಲೇ ದಾರಿ ತೋರಿಸುತ್ತದೆ. ಸಾಲು ನೀವೇ ಹಾಕಬೇಕು, ಮತ್ತು ಅದು ಹತ್ತಿರದ ಮನೆ ಮೊದಲು ಅನ್ನೋ ಸಾಲಾಗಬಾರದು. ಸಮಯ ತಪ್ಪಿದರೆ ಯಾರಿಗೆ ತೊಂದರೆಯೋ ಅವರು ಮೊದಲು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟಕ್ಕೆ ಕಾಯುವ ಹಿರಿಯರು ಇದ್ದರೆ ಅವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿ. ಆಮೇಲೆ ಊಟದ ಬಿಡುವು ಇಷ್ಟೇ ಗಂಟೆಗೆ ಅಂತ ಇರುವ ಆಫೀಸುಗಳು. ಅಂಗಡಿಯವರು ಗಿರಾಕಿ ಕಡಿಮೆಯಾದಾಗ ತಿನ್ನುವವರು, ಅವರು ಕೊನೆಗೆ ಇದ್ದರೂ ನಡೆಯುತ್ತದೆ.

ಸಾಲು ಹಾಕಿದ ಮೇಲೆ ಡೆಲಿವರಿ ಹುಡುಗನ ಜೊತೆ ಒಂದು ಸಲ ಖಾಲಿ ಡಬ್ಬಿ ಇಟ್ಟುಕೊಂಡು ಹೋಗಿಬನ್ನಿ. ಭಾನುವಾರ ಬೇಡ. ವಾರದ ದಿನ, ಸರಿಯಾಗಿ ಹನ್ನೆರಡಕ್ಕೇ ಹೊರಡಿ. ಗಾಂಧಿ ಬಜಾರಿನಲ್ಲಿ ಸ್ಕೂಟರ್ ಎಲ್ಲಿ ನಿಲ್ಲಿಸೋದು, ಯಾವ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ದಿನಾ ಫೋನ್ ಮಾಡಿ ಕೇಳಿಯೇ ಒಳಗೆ ಬಿಡೋದು, ಇದೆಲ್ಲ ಆಗಲೇ ಗೊತ್ತಾಗೋದು. ಗೇಟಿಗೆ ಆಪ್ ಇರುವ ಕಡೆ ಹುಡುಗನನ್ನು ದಿನಾ ಬರುವವರ ಪಟ್ಟಿಗೆ ಸೇರಿಸಲು ಗ್ರಾಹಕರಿಗೆ ಮೊದಲೇ ಹೇಳಿ.

2. ಡಬ್ಬಿ

ಬಳಸಿ ಬಿಸಾಡುವ ಡಬ್ಬಿಗೆ ದಿನಾ ಖರ್ಚು, ಸ್ಟೀಲ್ ಡಬ್ಬಿಗೆ ದಿನಾ ಕೆಲಸ. ದಿನಾ ಊಟ ತರಿಸುವ ಗ್ರಾಹಕರಿಗೆ ಸ್ಟೀಲೇ ಸರಿ ಅನ್ನೋದು ನನ್ನ ಅಭಿಪ್ರಾಯ. ಬಿಸಿ ಹುಳಿಯನ್ನು ಪ್ಲಾಸ್ಟಿಕ್‌ಗೆ ಹಾಕಿ ಕೊಟ್ಟರೆ ಮನೆ ಊಟ ಅನ್ನೋ ಮಾತಿಗೆ ಅರ್ಥ ಉಳಿಯೋದಿಲ್ಲ.

ಒಬ್ಬ ಗ್ರಾಹಕರಿಗೆ ಎರಡು ಸೆಟ್ ಬೇಕು. ಇವತ್ತಿನದು ಅವರ ಹತ್ತಿರ ಇರುವಾಗ ಇನ್ನೊಂದು ನಿಮ್ಮ ಮನೆಯಲ್ಲಿ ತೊಳೆದು ಒಣಗಿರುತ್ತದೆ. 36 ಜನಕ್ಕೆ 72, ಕೈಮೀಸಲಿಗೆ 8, ಒಟ್ಟು 80. ಸೆಟ್ಟಿಗೆ 600 ರೂಪಾಯಿ ಅಂದರೂ 48,000 ಆಯಿತು. ಶುರುವಿನ ಖರ್ಚಿನಲ್ಲಿ ದೊಡ್ಡದು ಇದೇ. ಅದಕ್ಕೇ ಸೇರುವಾಗ 500 ರೂಪಾಯಿ ಡಿಪಾಸಿಟ್ ಇಸ್ಕೊಳ್ಳಿ, ಬಿಡುವಾಗ ವಾಪಸ್ ಕೊಡಿ.

ಕೊಳ್ಳುವಾಗ ಅಯಸ್ಕಾಂತ ಹಿಡಿದು ಸ್ಟೀಲ್ ಪರೀಕ್ಷೆ ಮಾಡುವವರಿದ್ದಾರೆ. ಅದರಿಂದ ಪ್ರಯೋಜನ ಇಲ್ಲ. 304 ದರ್ಜೆಯ ಸ್ಟೀಲಿಗೂ ಅಗ್ಗದ 202 ದರ್ಜೆಗೂ ಅಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ. ಆದರೆ ದಿನಾ ಹುಣಸೆ ಹುಳಿ, ಉಪ್ಪು ತಾಗುವ ಡಬ್ಬಿಗೆ 304 ತುಂಬಾ ದಿನ ತಡೆಯುತ್ತದೆ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸೋರುವುದನ್ನು ಮಾತ್ರ ಅಂಗಡಿಯಲ್ಲೇ ನೋಡಬಹುದು. ಡಬ್ಬಿಗೆ ಮುಕ್ಕಾಲು ನೀರು ತುಂಬಿಸಿ, ಮುಚ್ಚಿ, ಕಾಗದದ ಮೇಲೆ ಎರಡು ನಿಮಿಷ ತಲೆಕೆಳಗೆ ಇಡಿ. ಮೂರು ಅಂತಸ್ತಿನ ಕ್ಯಾರಿಯರ್‌ಗಳಲ್ಲಿ ಕೆಳಗಿನ ಡಬ್ಬಿಗೆ ಮೇಲಿನದರ ತಳವೇ ಮುಚ್ಚಳ. ಅವು ಅನ್ನ ಪಲ್ಯಕ್ಕೆ ಸಾಕು, ಸಾರಿಗೆ ಸಾಲದು. ಸಾರು ಹುಳಿಗೆ ಸಿಲಿಕಾನ್ ರಿಂಗ್ ಇರುವ ಪ್ರತ್ಯೇಕ ಡಬ್ಬಿ ಬೇಕು, ಅದು ಕ್ಯಾರಿಯರ್ ಒಳಗೇ ಕೂರುವಂತಿರಬೇಕು. ಅದನ್ನು ಕಂಠದವರೆಗೆ ತುಂಬಬೇಡಿ, ಒಂದು ಬೆರಳು ಜಾಗ ಬಿಡಿ. ಕುದಿಯುವ ಸಾರು ತುಂಬಿಸಿ ತಕ್ಷಣ ಬಿಗಿದರೆ ಆವಿಯ ಒತ್ತಡಕ್ಕೆ ಅಂಚಿನಲ್ಲಿ ಸೋರುತ್ತದೆ. ಆರುವಾಗ ಮುಚ್ಚಳ ಒಳಗೆ ಎಳೆದುಕೊಂಡು ತೆಗೆಯಲಿಕ್ಕೇ ಬರದಂತೆ ಕಚ್ಚಿಕೊಳ್ಳುತ್ತದೆ. ವಯಸ್ಸಾದವರಿಗೆ ಇದು ದೊಡ್ಡ ಕಿರಿಕಿರಿ. ತುಂಬಿ ಒಂದು ನಿಮಿಷ ಬಿಟ್ಟು ಮುಚ್ಚಿದರೆ ಎರಡೂ ಕಡಿಮೆಯಾಗುತ್ತದೆ. ಮೊಸರು ಬಿಸಿ ಅನ್ನದ ಜೊತೆ ಒಂದೇ ಚೀಲದಲ್ಲಿ ಹೋದರೆ ಬೇಸಿಗೆಯಲ್ಲಿ ಹುಳಿಯಾಗಿಯೇ ಮುಟ್ಟುತ್ತದೆ, ಅದನ್ನು ಹೊರಗೆ ಬೇರೆ ಇಡಿ.

ಇನ್ನು ಗುರುತು. ಮುಂಬೈಯ ಡಬ್ಬಾವಾಲಾಗಳು 1890ರಿಂದ ನಡೆಸಿಕೊಂಡು ಬಂದಿರುವ ಕೆಲಸದಲ್ಲಿ ಮುಚ್ಚಳದ ಮೇಲೆ ಪೂರ್ತಿ ವಿಳಾಸ ಇರುವುದಿಲ್ಲ. ಸ್ಟೇಷನ್, ಕಟ್ಟಡ, ಮಹಡಿ ಹೇಳುವ ಅಂಕಿ, ಅಕ್ಷರ, ಬಣ್ಣ ಇರುತ್ತದೆ. ಅಲ್ಲಿ ಡಬ್ಬಿ ಗ್ರಾಹಕರದೇ, ಹಾಗಾಗಿ ಡಬ್ಬಿಯ ಗುರುತೇ ಮನೆಯ ಗುರುತು. ನಿಮ್ಮಲ್ಲಿ ಡಬ್ಬಿ ನಿಮ್ಮದು. ಯಾವ ಡಬ್ಬಿ ಬೇಕಾದರೂ ಯಾರಿಗೆ ಬೇಕಾದರೂ ಹೋಗಬಹುದು ಅಂತ ಇಟ್ಟರೆ ದಿನಾ ಚೀಟಿ ಅಂಟಿಸಬೇಕು. ಅದರ ಬದಲು ಒಬ್ಬರಿಗೆ ಎರಡು ಡಬ್ಬಿ ಖಾಯಂ ಮಾಡಿ. 14ನೇ ಗ್ರಾಹಕರಿಗೆ 14-ಅ, 14-ಆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಕೊಡುತ್ತಾರಲ್ಲ, ಅಲ್ಲೇ ಈ ನಂಬರ್ ಕೆತ್ತಿಸಿ. ಡಬ್ಬಿಗೂ ಮುಚ್ಚಳಕ್ಕೂ ಎರಡಕ್ಕೂ. ಬೇರೆ ಡಬ್ಬಿಯ ಮುಚ್ಚಳ ಕೂತಹಾಗೆ ಕಂಡರೂ ಸೋರುತ್ತದೆ.

ಹೀಗೆ ಮಾಡಿದರೆ ಇನ್ನೊಂದು ಲಾಭ ಇದೆ. ಸಂಜೆ ತೊಳೆದು ಶೆಲ್ಫಿನಲ್ಲಿ ಸಾಲಾಗಿ ಇಟ್ಟಾಗ ಯಾವುದು ಬಂದಿಲ್ಲ ಅಂತ ಖಾಲಿ ಜಾಗವೇ ಹೇಳುತ್ತದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರಿಗೂ ತಮ್ಮ ಡಬ್ಬಿ ತಮಗೇ ಬರುತ್ತದೆ ಅನ್ನೋ ಸಮಾಧಾನ. ಆದರೆ ನಂಬರನ್ನು ದಾರಿಯ ಸಾಲಿಗೆ ಕಟ್ಟಿಹಾಕಬೇಡಿ. ಯಾರೋ ಬಿಟ್ಟರೆ ಸಾಲು ಬದಲಾಗುತ್ತದೆ, ಕೆತ್ತಿದ ನಂಬರ್ ಬದಲಾಗುವುದಿಲ್ಲ. ದಾರಿಯ ಸಾಲು ಕಾಗದದ ಮೇಲೆ ಬೇರೆ ಇರಲಿ.

3. ತುಂಬುವ ಕ್ರಮ, ಸ್ಕೂಟರಿಗೆ ಏರಿಸುವ ಕ್ರಮ

ಇಬ್ಬರು ತುಂಬಿದರೆ 36 ಡಬ್ಬಿಗೆ ಸುಮಾರು ನಲವತ್ತು ನಿಮಿಷ, ಹನ್ನೊಂದೂಕಾಲಿನಿಂದ ಹನ್ನೊಂದು ಐವತ್ತೈದರ ತನಕ. ಮೊದಲು ತುಂಬಿದ ಡಬ್ಬಿ ಕೊನೆಯ ಮನೆಗೆ ಹೋದರೆ ಅದು ಸುಮಾರು ಎರಡು ಗಂಟೆ ಹಳೆಯದು. ಅದೇ ಡಬ್ಬಿಯನ್ನು ಕೊನೆಗೆ ತುಂಬಿದ್ದರೆ ಒಂದೂಕಾಲು ಗಂಟೆ. ಹಾಗಾಗಿ ಮೊದಲು ಮುಟ್ಟುವ ಮನೆಯದು ಮೊದಲು ತುಂಬಿ, ಕೊನೆಯದು ಕೊನೆಗೆ. ಒಂದರ ಮೇಲೊಂದು ಪೇರಿಸಿದರೆ ಇದು ನಡೆಯುವುದಿಲ್ಲ, ಯಾಕಂದರೆ ಮೊದಲು ಬೇಕಾದದ್ದು ತಳದಲ್ಲಿ ಸಿಕ್ಕಿಕೊಳ್ಳುತ್ತದೆ. ಡಬ್ಬಿಗಳು ಪಕ್ಕಪಕ್ಕ ನಿಲ್ಲುವಷ್ಟು ಅಗಲದ, ಶಾಖ ತಡೆಯುವ ಚೀಲ ತಗೊಳ್ಳಿ.

ಒಂದು ಡಬ್ಬಿ ಊಟ ಸೇರಿ ಸುಮಾರು ಒಂದೂವರೆ ಕಿಲೋ. 18 ಡಬ್ಬಿಗೆ 27 ಕಿಲೋ. ಹಿಂದಿನ ಚೀಲದಲ್ಲಿ 12, ಕಾಲಿಡುವ ಜಾಗದ ಚೀಲದಲ್ಲಿ 6. ಮೊದಲ ಆರು ಡಬ್ಬಿ ಮುಂದಿನ ಚೀಲದಿಂದಲೇ ಖರ್ಚಾಗಬೇಕು. ಆ ಚೀಲ ಖಾಲಿಯಾಗುತ್ತಾ ಹೋದಂತೆ ನಿನ್ನೆಯ ಎಂಜಲು ಡಬ್ಬಿಗಳಿಗೆ ಒಂದು ಬೇರೆ ಗೋಣಿಚೀಲ ಬಿಚ್ಚಿ ಅಲ್ಲಿಡಬಹುದು. ತುಂಬಿದ ಡಬ್ಬಿ ಇರುವ ಚೀಲಕ್ಕೆ ಖಾಲಿ ಡಬ್ಬಿ ಯಾವತ್ತೂ ಹೋಗಬಾರದು. ಒಂದು ಡಬ್ಬಿಯ ಹಳಸಿದ ವಾಸನೆ ಉಳಿದ ಹನ್ನೆರಡಕ್ಕೂ ಹತ್ತುತ್ತದೆ.

ಊಟ ಬಿಸಿಯಾಗಿ ಮುಟ್ಟುತ್ತಿದೆಯಾ ಅಂತ ಗ್ರಾಹಕರನ್ನು ಕೇಳಿ ತಿಳಿಯಬೇಕಾಗಿಲ್ಲ. ಒಂದು ದಿನ ಪ್ರತಿ ದಾರಿಯಲ್ಲೂ ಒಂದು ಹೆಚ್ಚುವರಿ ಡಬ್ಬಿ ಕಳಿಸಿ. ಕೊನೆಯ ಬಾಗಿಲಿನಲ್ಲಿ ಅದನ್ನು ತೆಗೆದು ಅಡುಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅನ್ನೋದು ಆಹಾರ ಸುರಕ್ಷತೆಯ ಲೆಕ್ಕ. ಅಂಚಿನ ಅನ್ನ ಮೊದಲು ಆರುತ್ತದೆ, ಅಲ್ಲೇ ಚುಚ್ಚಿ. ಇಳಿದಿದ್ದರೆ ತುಂಬುವ ಹತ್ತು ನಿಮಿಷ ಮೊದಲು ಚೀಲದೊಳಗೆ ಬಿಸಿನೀರಿನ ಪಾತ್ರೆ ಮುಚ್ಚಿ ಇಟ್ಟು ಚೀಲ ಬೆಚ್ಚಗೆ ಮಾಡಿ. ಆದರೂ ಆಗದಿದ್ದರೆ ದಾರಿ ಉದ್ದವಾಗಿದೆ ಅಂತ ಅರ್ಥ.

4. ತಿಂಗಳಲ್ಲ, ಊಟ ಮಾರಿ

"ತಿಂಗಳಿಗೆ ಇಷ್ಟು" ಅಂತ ದರ ಇಟ್ಟರೆ ಪ್ರತಿ ರಜೆಯೂ ಒಂದು ಜಗಳ. ಹಬ್ಬಕ್ಕೆ ನೀವು ಅಡುಗೆಮನೆ ಮುಚ್ಚಿದ ದಿನ, ಅವರು ಊರಿಗೆ ಹೋದ ದಿನ, ಫೆಬ್ರವರಿಯ ಕಡಿಮೆ ದಿನ, ಎಲ್ಲದಕ್ಕೂ ಕಳೆಯಿರಿ ಕೂಡಿಸಿ ಶುರುವಾಗುತ್ತದೆ. ಅದರ ಬದಲು 24 ಊಟ ಮುಂಗಡವಾಗಿ ಮಾರಿ, 2,400 ರೂಪಾಯಿ. ತಿಂದಂತೆ ಒಂದೊಂದು ಕಳೆಯುತ್ತದೆ. ಮೂರು ಉಳಿದಾಗ ಮುಂದಿನ 24ಕ್ಕೆ ಮೆಸೇಜ್ ಹಾಕಿ.

ಆದರೆ ಇದಕ್ಕೊಂದು ಗಡುವು ಬೇಕು. ಡೆಲಿವರಿ ಹುಡುಗನಿಗೆ ಪೆಟ್ರೋಲ್ ಸೇರಿ ದಿನಕ್ಕೆ 450 ಅಂದುಕೊಳ್ಳಿ. 18 ಡಬ್ಬಿ ಹೋದರೆ ಡಬ್ಬಿಗೆ 25 ರೂಪಾಯಿ. ಆರು ಜನ ರಜೆ ಹಾಕಿದರೆ ಅದೇ 450 ಹನ್ನೆರಡು ಡಬ್ಬಿಯ ಮೇಲೆ ಬೀಳುತ್ತದೆ, ಡಬ್ಬಿಗೆ 37.50. ಆ ಹನ್ನೆರಡೂವರೆ ನಿಮ್ಮ ಲಾಭದಿಂದಲೇ ಹೋಗೋದು. ಹಾಗಾಗಿ 24 ಊಟ 36 ದಿನದೊಳಗೆ ಮುಗಿಯಬೇಕು ಅಂತ ಇಡಿ. ಸುಮಾರು ಒಂದು ವಾರ ರಜೆ ಹಾಕಲು ಅವಕಾಶ ಇದ್ದೇ ಇರುತ್ತದೆ.

ರಜೆ ಹೇಳುವ ಸಮಯ ಹಿಂದಿನ ರಾತ್ರಿ ಎಂಟು ಗಂಟೆ. ಅದಕ್ಕೆ ಕಾರಣವನ್ನೂ ಹೇಳಿಬಿಡಿ: ಎಂಟರ ಮೇಲೆ ಕಾಳು ನೆನೆಹಾಕುತ್ತೇವೆ. ಕಾರಣ ಗೊತ್ತಾದರೆ ಜನ ಸುಮ್ನೆ ವಾದ ಮಾಡುವುದಿಲ್ಲ. ಬಸವನಗುಡಿ ಕಡೆ ಇನ್ನೊಂದು ವಿಷಯ. ಏಕಾದಶಿ, ಸಂಕಷ್ಟಿಗೆ ಒಪ್ಪೊತ್ತು ಅಥವಾ ಉಪವಾಸ ಮಾಡುವವರು ಇರುತ್ತಾರೆ. ಪ್ರತಿ ಸಲ ಅವರು ಹೇಳಲಿ ಅಂತ ಕಾಯಬೇಡಿ. ಸೇರುವಾಗಲೇ "ಏಕಾದಶಿ ದಿನ ಊಟ ಕಳಿಸೋದಾ, ಬೇಡವಾ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕ್ಯಾಲೆಂಡರ್ ನೋಡಿ ನೀವೇ ಆ ದಿನದ ರಜೆ ಹಾಕಿ.

ಲೆಕ್ಕಕ್ಕೆ ಗೂಗಲ್ ಶೀಟ್ಸ್ ಸಾಕು. A ಕಾಲಂನಲ್ಲಿ ನಂಬರ್, B ಯಲ್ಲಿ ಹೆಸರು, C ಯಲ್ಲಿ ಹಿಂದಿನ ಬಾಕಿ ಸೇರಿ ಕೊಂಡ ಊಟ. D ಯಿಂದ AH ತನಕ ತಿಂಗಳ 31 ದಿನ. ದಿನದ ಚೌಕದಲ್ಲಿ ನಾಲ್ಕರಲ್ಲಿ ಒಂದು ಗುರುತು: ಕೊಟ್ಟಿದ್ದಕ್ಕೆ "ಕೊ", ಮೊದಲೇ ಹೇಳಿದ ರಜೆಗೆ "ರ", ಹೋದಾಗ ಬಾಗಿಲು ಹಾಕಿದ್ದರೆ "ಬಾ", ನಮ್ಮ ತಪ್ಪಿಗೆ "ತ". ಉಳಿದ ಊಟಕ್ಕೆ ಈ ಸೂತ್ರ:

```
=C2-COUNTIF(D2:AH2,"ಕೊ")-COUNTIF(D2:AH2,"ಬಾ")+COUNTIF(D2:AH2,"ತ")
```

14ನೇ ಗ್ರಾಹಕರದ್ದೇ ನೋಡಿ. 24 ಊಟ ಕೊಂಡರು. ಆ ತಿಂಗಳು 26 ದಿನ ಅಡುಗೆ ಆಯಿತು. ಮೂರು ದಿನ ಮೊದಲೇ ಹೇಳಿ ರಜೆ. ಒಂದು ದಿನ ಹೇಳದೆ ಹೊರಗೆ ಹೋಗಿದ್ದರು. ಒಂದು ದಿನ ನಾವೇ ಮುಟ್ಟಿಸಲಿಲ್ಲ. ಉಳಿದ 21 ದಿನ ಊಟ ಹೋಯಿತು. 24ರಲ್ಲಿ 21 ಕಳೆದು, ಬಾಗಿಲು ಹಾಕಿದ ಒಂದು ಕಳೆದು, ನಮ್ಮ ತಪ್ಪಿಗೆ ಒಂದು ಕೂಡಿಸಿದರೆ 3. ಅಂದರೆ ನಾವು ತಪ್ಪಿಸಿದ ದಿನದ ಊಟ ಕಳೆಯುವುದೂ ಇಲ್ಲ, ಮೇಲೆ ಒಂದು ಉಚಿತ. ಗುರುತುಗಳನ್ನು ಕೈಯಿಂದ ಟೈಪ್ ಮಾಡಬೇಡಿ, ಡ್ರಾಪ್‌ಡೌನ್ ಇಡಿ. ಅಕ್ಷರದ ಹಿಂದೆ ಒಂದು ಸ್ಪೇಸ್ ಸೇರಿದರೂ ಸೂತ್ರ ಅದನ್ನು ಎಣಿಸುವುದಿಲ್ಲ, ಒಂದು ಊಟ ಪುಕ್ಕಟೆ ಹೋಗುತ್ತದೆ. ತಿಂಗಳ ಕೊನೆಗೆ ಈ ಸಾಲಿನ ಸ್ಕ್ರೀನ್‌ಶಾಟ್ ಅವರಿಗೆ ಕಳಿಸಿ, ಬಿಲ್ ಅಂದರೆ ಅದೇ. ಯುಪಿಐನಲ್ಲಿ ದುಡ್ಡು ಹಾಕುವಾಗ ಟಿಪ್ಪಣಿಯಲ್ಲಿ ಗ್ರಾಹಕ ನಂಬರ್ ಬರೆಯಲು ಹೇಳಿ. ಮಗನ ಖಾತೆಯಿಂದ ಬಂದ ದುಡ್ಡು ಯಾವ ಮನೆಯದು ಅಂತ ಹುಡುಕುವ ಕೆಲಸ ತಪ್ಪುತ್ತದೆ.

ಒಂದು ಎಚ್ಚರಿಕೆ. ಎಲ್ಲರೂ ಒಟ್ಟಿಗೆ ಸೇರಿದರೆ 86,400 ರೂಪಾಯಿ ಖಾತೆಗೆ ಬರುತ್ತದೆ. ಅದು ಇನ್ನೂ ನಿಮ್ಮದಲ್ಲ. ಉಳಿದ ಊಟದ ಕಾಲಂ ಪೂರ್ತಿ ಕೂಡಿಸಿ ನೂರರಿಂದ ಗುಣಿಸಿ. ತಲಾ 12 ಊಟ ಬಾಕಿ ಇದ್ದರೆ 432 ಊಟ, ಅಂದರೆ 43,200 ರೂಪಾಯಿಯಷ್ಟು ಅಡುಗೆ ನೀವು ಇನ್ನೂ ಕೊಡಬೇಕು. ಖಾತೆಯಲ್ಲಿ ಅದಕ್ಕೆ ಬೇಕಾದ ದಿನಸಿ, ಗ್ಯಾಸ್, ಸಂಬಳದ ದುಡ್ಡು ಇದೆಯಾ ಅಂತ ವಾರಕ್ಕೊಮ್ಮೆ ನೋಡಿ.

5. ಊಟ ತಪ್ಪಿದಾಗ

ಬಾಗಿಲಲ್ಲಿ ನಿಂತ ಹುಡುಗ ತಾನೇ ಯೋಚಿಸಿ ತೀರ್ಮಾನ ಮಾಡುವ ಹಾಗೆ ಇರಬಾರದು. ಅವನ ಹಿಂದೆ ಇನ್ನೂ ಎಂಟು ಮನೆ ಕಾಯುತ್ತಿರುತ್ತವೆ. ಬೆಲ್ ಮಾಡಬೇಕು, ಒಂದು ಸಲ ಫೋನ್ ಮಾಡಬೇಕು, ಮೂರು ನಿಮಿಷ ನೋಡಬೇಕು. ಆಮೇಲೆ ಸೇರುವಾಗ ಗ್ರಾಹಕರು ಹೇಳಿದ್ದ ಜಾಗದಲ್ಲಿ, ಅಂದರೆ ಪಕ್ಕದ ಮನೆ ಅಥವಾ ಸೆಕ್ಯುರಿಟಿ ಹತ್ತಿರ ಇಟ್ಟು ಒಂದು ಫೋಟೋ ಕಳಿಸಬೇಕು. ಅದರ ಜೊತೆ "ಮಧ್ಯಾಹ್ನ ಎರಡು ಗಂಟೆಯೊಳಗೆ ಊಟ ಮಾಡಿ" ಅಂತ ನೀವು ಮೆಸೇಜ್ ಹಾಕಿ. ಇಡಲು ಜಾಗ ಹೇಳಿಲ್ಲದಿದ್ದರೆ ಡಬ್ಬಿ ವಾಪಸ್, ಗುರುತು "ಬಾ". ವಾಪಸ್ ಬಂದ ಊಟ ಹುಡುಗನೋ ಅಡುಗೆಯವರೋ ಕೂಡಲೇ ತಿನ್ನಲಿ. ರಾತ್ರಿ ಮತ್ತೆ ಬಿಸಿ ಮಾಡಿ ಇನ್ನೊಬ್ಬರಿಗೆ ಕಳಿಸುವ ಆಸೆ ಬೇಡ.

ಕೆಂಪು ಗುರುತಿನ ಹಿರಿಯರ ಮನೆಗೆ ಮಾತ್ರ ಈ ನಿಯಮ ಬೇರೆ. ಅಜ್ಜಿ ಬಾಗಿಲು ತೆಗೆಯಲಿಲ್ಲ, ಫೋನೂ ಎತ್ತಲಿಲ್ಲ ಅಂದರೆ "ಬಾ" ಹಾಕಿ ಮುಂದೆ ಹೋಗುವುದಲ್ಲ. ಹುಡುಗ ನಿಮಗೆ ಫೋನ್ ಮಾಡಬೇಕು, ನೀವು ಅವರ ಮಗ ಅಥವಾ ಮಗಳಿಗೆ ಮಾಡಬೇಕು. ಆ ನಂಬರ್ ಸೇರುವ ದಿನವೇ ತಗೊಂಡಿರಿ.

ನಮ್ಮ ಕಡೆಯ ತಪ್ಪುಗಳಲ್ಲಿ ದಿನಾ ಆಗಬಹುದಾದದ್ದು ಸೋರುವುದು ಮತ್ತು ಅದಲುಬದಲು. ಪ್ರತಿ ದಾರಿಯಲ್ಲೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಒಂದು ಮೀಸಲು ಡಬ್ಬಿ ಇಟ್ಟರೆ ಎರಡಕ್ಕೂ ಆಯಿತು, ಅದನ್ನು ಯಾರಿಗೆ ಬೇಕಾದರೂ ಕೊಡಬಹುದು.

ದೊಡ್ಡ ತೊಂದರೆ ಅಂದರೆ ದಾರಿ ಮಧ್ಯೆ ಗಾಡಿ ನಿಲ್ಲುವುದು. ಹನ್ನೆರಡೂ ಇಪ್ಪತ್ತಕ್ಕೆ ಬನಶಂಕರಿಯಲ್ಲಿ ಪಂಕ್ಚರ್, ಚೀಲದಲ್ಲಿ ಇನ್ನೂ ಹದಿನೈದು ಡಬ್ಬಿ ಅಂದುಕೊಳ್ಳಿ. ಪಂಕ್ಚರ್ ಹಾಕಿಸಲು ಕಾಯಬಾರದು. ಗಾಡಿಯನ್ನು ಅಲ್ಲೇ ಅಂಗಡಿಯಲ್ಲಿ ಬಿಟ್ಟು, ಚೀಲ ಆಟೋಗೆ ಏರಿಸಿ, ಅದೇ ಸಾಲಿನಲ್ಲಿ ಮುಂದುವರಿಯಬೇಕು. ಒಂದು ಗಂಟೆಯ ಆಟೋ ಬಾಡಿಗೆ ಹದಿನೈದು ಉಚಿತ ಊಟಕ್ಕಿಂತ ಅಗ್ಗ. ಅದಕ್ಕೆ ಹುಡುಗನ ಜೇಬಿನಲ್ಲಿ 500 ರೂಪಾಯಿ ಯಾವಾಗಲೂ ಇರಲಿ, ನಿಮ್ಮನ್ನು ಕೇಳದೆ ಖರ್ಚು ಮಾಡುವ ಅನುಮತಿಯೂ ಇರಲಿ. ಅಷ್ಟರಲ್ಲಿ ಮನೆಯಲ್ಲಿ ಕೂತ ನೀವು ಫೋನ್ ಹಿಡಿಯಿರಿ. ಕೆಂಪು ಗುರುತಿನವರು ಬಾಕಿ ಇದ್ದರೆ ಮೊದಲು ಅವರಿಗೆ ಫೋನ್, ಉಳಿದವರಿಗೆ ಮೆಸೇಜ್:

"ನಮಸ್ಕಾರ, ಗಾಡಿ ಪಂಕ್ಚರ್ ಆಗಿದೆ. ನಿಮ್ಮ ಊಟ ಆಟೋದಲ್ಲಿ ಬರ್ತಾ ಇದೆ, 1.35ರ ಒಳಗೆ ಮುಟ್ಟುತ್ತೆ. ಅಷ್ಟು ಹೊತ್ತು ಆಗೋದಿಲ್ಲ ಅಂದ್ರೆ 'ಬೇಡ' ಅಂತ ಹಾಕಿ, ಇವತ್ತಿನ ಊಟ ಕಳೆಯೋದಿಲ್ಲ."

ಇದು ಅವರಿಗೆ ಹಸಿವಾಗುವ ಮುಂಚೆ, ಹನ್ನೆರಡೂ ಮುಕ್ಕಾಲಿನೊಳಗೆ ಹೋಗಬೇಕು. ಒಂದೂಕಾಲಿಗೆ ಅವರೇ ಫೋನ್ ಮಾಡಿ ಕೇಳಿದ ಮೇಲೆ ಹೇಳುವ ಅದೇ ಮಾತು ನೆಪದ ಹಾಗೆ ಕೇಳಿಸುತ್ತದೆ. ಸಮಯ ಬರೆಯುವಾಗ ಹತ್ತು ನಿಮಿಷ ಜಾಸ್ತಿಯೇ ಬರೆಯಿರಿ.

ಖಾಲಿ ಡಬ್ಬಿ ಬಾರದಿರುವುದೂ ಒಂಥರಾ ತಪ್ಪಿದ ಡೆಲಿವರಿಯೇ. 14-ಅ, 14-ಆ ಎರಡೂ ಅವರ ಮನೆಯಲ್ಲೇ ಉಳಿದರೆ ಮೂರನೇ ದಿನ ಕೈಮೀಸಲು ಸ್ಟೀಲ್ ಡಬ್ಬಿ ಕೊಡಬೇಡಿ. ಅವತ್ತು ಬಳಸಿ ಬಿಸಾಡುವ ಕಾಗದದ ಡಬ್ಬಿಯಲ್ಲಿ ಕಳಿಸಿ, ಅದಕ್ಕೆ 15 ರೂಪಾಯಿ ಹಾಕಿ. ಇದನ್ನು ಸೇರುವಾಗಲೇ ಹೇಳಿರಬೇಕು. ಯಾರಾದರೂ ಸೇವೆ ಬಿಡುವುದಾದರೆ ಎರಡೂ ಡಬ್ಬಿ, ಮುಚ್ಚಳ, ರಿಂಗ್ ಕೈಗೆ ಬಂದ ದಿನವೇ ಉಳಿದ ಊಟದ ದುಡ್ಡನ್ನೂ ಡಿಪಾಸಿಟ್ಟನ್ನೂ ಒಟ್ಟಿಗೆ ವಾಪಸ್ ಹಾಕಿ. 14ನೇ ಗ್ರಾಹಕರಿಗಾದರೆ 300 ಮತ್ತು 500, ಒಟ್ಟು 800 ರೂಪಾಯಿ.